‘ಫೂಲವತಿ’ ತೀರ್ಪು ಇನ್ನೂ ನಿಲ್ಲುತ್ತದೆಯೇ? ಸೈಟೇಷನ್‌ನಿಂದ ಪ್ಯಾರಾದವರೆಗೆ ಹುಡುಕುವ ಬಗೆ

ಪ್ರಶ್ನೆ: “ನಾನು ಮಾಲೂರಿನವಳು. ಕೋಲಾರದಲ್ಲಿ ವಕೀಲಿಕೆ ಶುರುಮಾಡಿ ಒಂದು ವರ್ಷವಾಗಿದೆ. ಒಂದು ಪಾಲು ದಾವೆಯಲ್ಲಿ ನಮ್ಮ ಸೀನಿಯರ್ ಇಬ್ಬರು ಅಕ್ಕತಂಗಿಯರ ಪರವಾಗಿದ್ದಾರೆ. ಇಬ್ಬರಿಗೂ 1990ಕ್ಕೆ ಮೊದಲೇ ಮದುವೆಯಾಗಿದೆ. ತಾಯಿ ಮೊದಲೇ ತೀರಿಕೊಂಡಿದ್ದರು, ತಂದೆ 1999ರಲ್ಲಿ ತೀರಿಕೊಂಡರು. 1998ರಲ್ಲೇ ಪಂಚಾಯಿತಿ ಪಾಲುಪಟ್ಟಿ ಆಗಿ ಪಹಣಿಯೂ ಬದಲಾಗಿದೆ ಎಂದು ಇಬ್ಬರು ಅಣ್ಣತಮ್ಮಂದಿರ ತಕರಾರು. ಎದುರು ವಕೀಲರು (2016) 2 SCC 36ರ ಹೆಡ್‌ನೋಟ್ ತೋರಿಸಿ, 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೆ ಹೆಣ್ಣುಮಕ್ಕಳಿಗೆ ಹಕ್ಕಿಲ್ಲ ಎನ್ನುತ್ತಿದ್ದಾರೆ. ನಾನು ನೆಟ್‌ನಲ್ಲಿ daughter share ancestral property ಎಂದು ಹುಡುಕಿದರೆ ಲೆಕ್ಕವಿಲ್ಲದಷ್ಟು ತೀರ್ಪುಗಳು ಬರುತ್ತವೆ. ಅರ್ಧ ಪಾಲಿದೆ ಎನ್ನುತ್ತವೆ, ಅರ್ಧ ಇಲ್ಲ ಎನ್ನುತ್ತವೆ. ಯಾವುದನ್ನು ನಂಬಬೇಕು? ಹೆಡ್‌ನೋಟ್ ಓದಿದರೆ ಸಾಲದೇ?”

ಉತ್ತರ: ಎದುರು ವಕೀಲರು ಕೊಟ್ಟಿರುವ ಸೈಟೇಷನ್ ಸರಿಯಾಗಿದೆ, ಅವರು ಹೇಳಿದ ಮಾತು ಆ ತೀರ್ಪಿನಲ್ಲಿ ಇರುವುದೂ ನಿಜ. ಆದರೆ ಆ ಮಾತು ಈಗ ಕಾನೂನಲ್ಲ. ಅವರು ತೋರಿಸಿದ ಪ್ರಕಾಶ್ ವಿರುದ್ಧ ಫೂಲವತಿ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ಪ್ರಕರಣದಲ್ಲಿ, ಅಂದರೆ (2020) 9 SCC 1ರಲ್ಲಿ, ರದ್ದುಪಡಿಸಿದೆ. ಮಗಳ ಹಕ್ಕು ಹುಟ್ಟಿನಿಂದ ಬಂದದ್ದಾದ್ದರಿಂದ ಹಿಂದೂ ಉತ್ತರಾಧಿಕಾರ ಅಧಿನಿಯಮದ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕಾದ ಅಗತ್ಯವಿಲ್ಲ ಎಂದು ಆ ಪೀಠ ಹೇಳಿತು. ಇಷ್ಟರಿಂದ ನಿಮ್ಮ ದಾವೆ ಗೆದ್ದಂತೆ ಎಂದು ಮಾತ್ರ ತಿಳಿಯಬೇಡಿ. ನಿಮಗೆ ನಿಜವಾಗಿ ತೊಡಕಾಗುವುದು ತಂದೆ ತೀರಿಕೊಂಡ ವರ್ಷವಲ್ಲ, 1998ರ ಆ ಪಾಲುಪಟ್ಟಿ. ಅದರ ಉತ್ತರವೂ ಇದೇ ತೀರ್ಪಿನ ಕೊನೆಯ ಭಾಗದಲ್ಲಿದೆ, ಅಲ್ಲಿಗೆ ಹೋಗುವ ದಾರಿಯನ್ನೇ ನಾನು ವಿವರವಾಗಿ ಹೇಳುತ್ತೇನೆ.

ಮೊದಲು ಸೈಟೇಷನ್ ಎಂದರೇನು ಎಂಬುದನ್ನು ನೋಡೋಣ. (2016) 2 SCC 36 ಎಂಬುದು ಒಂದು ವಿಳಾಸ. ಆವರಣದಲ್ಲಿರುವುದು ಸಂಪುಟದ ವರ್ಷ, ಮುಂದಿನದು ಸಂಪುಟದ ಸಂಖ್ಯೆ, ಆಮೇಲೆ ತೀರ್ಪುಗಳನ್ನು ಅಚ್ಚುಮಾಡುವ ವರದಿಯ ಹೆಸರು, ಇಲ್ಲಿ ಸುಪ್ರೀಂ ಕೋರ್ಟ್ ಕೇಸಸ್, ಕೊನೆಯದು ತೀರ್ಪು ಶುರುವಾಗುವ ಪುಟ. ಆ ವಿಳಾಸದಲ್ಲಿ ಏನಿದೆ, ಅದು ಇಂದೂ ಜೀವಂತವಾಗಿದೆಯೇ ಎಂಬುದನ್ನು ವಿಳಾಸ ಹೇಳುವುದಿಲ್ಲ. ತೀರ್ಪು ಬಂದ ದಿನವನ್ನೂ ಅದು ಹೇಳುವುದಿಲ್ಲ. ಫೂಲವತಿ ತೀರ್ಪು ಹೊರಬಿದ್ದದ್ದು 2015ರ ಅಕ್ಟೋಬರ್ 16ರಂದು, 2016 ಎಂಬುದು ಅದು ಅಚ್ಚಾದ ಸಂಪುಟದ ವರ್ಷ ಮಾತ್ರ. ಹೀಗಾಗಿ ತೀರ್ಪುಗಳನ್ನು ಕಾಲಕ್ರಮದಲ್ಲಿ ಜೋಡಿಸುವಾಗ ಸೈಟೇಷನ್‌ನ ವರ್ಷವನ್ನು ನಂಬದೆ, ತೀರ್ಪಿನ ಮೇಲಿರುವ ದಿನಾಂಕವನ್ನೇ ನೋಡಬೇಕು. ಒಂದೇ ತೀರ್ಪಿಗೆ ಹಲವು ವಿಳಾಸಗಳೂ ಇರುತ್ತವೆ. ಫೂಲವತಿಯೇ AIR 2016 SC 769 ಕೂಡ ಹೌದು, ವಿನೀತಾ ಶರ್ಮಾ AIR 2020 SC 3717 ಕೂಡ ಹೌದು. ಇವನ್ನು ಎರಡೆರಡು ತೀರ್ಪುಗಳೆಂದು ಮೆಮೋದಲ್ಲಿ ಬರೆದು ಸಲ್ಲಿಸಿದ ಕಿರಿಯ ವಕೀಲರನ್ನು ನಾನು ತುಮಕೂರಿನ ನ್ಯಾಯಾಲಯದಲ್ಲಿ ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಪಕ್ಷಕಾರರ ಹೆಸರು ಮತ್ತು ತೀರ್ಪಿನ ದಿನಾಂಕ ಎರಡನ್ನೂ ಹೊಂದಿಸಿ ನೋಡಿದರೆ ಈ ತಪ್ಪು ಆಗುವುದಿಲ್ಲ. ಪುಟಸಂಖ್ಯೆ ಬೆರಳಚ್ಚಿನಲ್ಲಿ ತಪ್ಪಿದ್ದರೂ ಇದರಿಂದಲೇ ಗೊತ್ತಾಗುತ್ತದೆ.

2023ರಿಂದ ನ್ಯಾಯಾಲಯಗಳೇ ತಮ್ಮ ತೀರ್ಪಿಗೆ ಸಂಖ್ಯೆ ಕೊಡುತ್ತಿವೆ. ಸರ್ವೋಚ್ಚ ನ್ಯಾಯಾಲಯದ್ದಾದರೆ ವರ್ಷದ ಮುಂದೆ INSC ಎಂದೂ, ನಮ್ಮ ಹೈಕೋರ್ಟಿನ ಬೆಂಗಳೂರು ಪೀಠದ್ದಾದರೆ KHC ಎಂದೂ, ಧಾರವಾಡದ್ದು KHC-D, ಕಲಬುರಗಿಯದ್ದು KHC-K ಎಂದೂ ಇರುತ್ತದೆ. ಯಾವ ಖಾಸಗಿ ವರದಿಯನ್ನೂ ಕೊಳ್ಳದ ಕಿರಿಯರಿಗೆ ಇದರಿಂದ ನಿಜವಾದ ಉಪಕಾರವಾಗಿದೆ.

ಇನ್ನು ಹೆಡ್‌ನೋಟ್ ವಿಷಯ. ಹೆಡ್‌ನೋಟ್ ಬರೆಯುವವರು ನ್ಯಾಯಮೂರ್ತಿಗಳಲ್ಲ, ವರದಿಯ ಸಂಪಾದಕರು. ಅದು ತೀರ್ಪಿನ ಭಾಗವಲ್ಲ, ಅದನ್ನು ಕಾನೂನೆಂದು ಓದಿ ಹೇಳುವಂತಿಲ್ಲ. ಹಾಗೆಂದು ಅದನ್ನು ಬದಿಗಿಡುವುದೂ ತಪ್ಪು, ಏಕೆಂದರೆ ಹುಡುಕುವವರಿಗೆ ಅದರಷ್ಟು ನೆರವಾಗುವ ಸಾಧನ ಬೇರೆಯಿಲ್ಲ. ಒಳ್ಳೆಯ ವರದಿಯ ಹೆಡ್‌ನೋಟ್‌ನಲ್ಲಿ ಮೊದಲು ದಪ್ಪ ಅಕ್ಷರದ ಪದಗಳ ಸಾಲು ಇರುತ್ತದೆ. ಹಿಂದೂ ಕಾನೂನು ಎಂಬ ಅಗಲವಾದ ವಿಷಯದಿಂದ ಶುರುವಾಗಿ, ಅಧಿನಿಯಮದ ಹೆಸರು, ಕಲಂ, ಆಮೇಲೆ ಒಳವಿಷಯ, ಅದರೊಳಗಿನ ಪ್ರಶ್ನೆ ಎಂದು ಗೆರೆ ಎಳೆದು ಎಳೆದು ಕಿರಿದಾಗುತ್ತ ಹೋಗುತ್ತದೆ. ಆ ಸಾಲಿನಲ್ಲಿರುವ ಪದಗಳೇ ನೀವು ಮುಂದೆ ಹುಡುಕಬೇಕಾದ ಪದಗಳು. ಟಿಪ್ಪಣಿಯ ಕೊನೆಯಲ್ಲಿ ಯಾವ ಪ್ಯಾರಾಗಳಿಂದ ಅದನ್ನು ತೆಗೆದರು ಎಂಬ ಸಂಖ್ಯೆಯೂ ಇರುತ್ತದೆ, ಯಾವ ಹಳೆಯ ತೀರ್ಪು ರದ್ದಾಯಿತು ಎಂಬುದೂ ಇರುತ್ತದೆ. ಹೆಡ್‌ನೋಟ್ ಓದುವುದು ಆ ಪ್ಯಾರಾಕ್ಕೆ ಹೋಗಲು, ಅಲ್ಲೇ ನಿಲ್ಲಲು ಅಲ್ಲ.

ಈಗ ನಿಮ್ಮ ಹುಡುಕಾಟದಲ್ಲಿ ಅರ್ಧ ಹೌದು, ಅರ್ಧ ಇಲ್ಲ ಎಂದು ಬಂದದ್ದೇಕೆ ಎಂಬುದಕ್ಕೆ ಬರೋಣ. ಕಾನೂನಿನಲ್ಲಿ ಗೊಂದಲವಿಲ್ಲ, ನಿಮ್ಮ ಮುಂದೆ ಬೇರೆ ಬೇರೆ ಕಾಲದ ಕಾನೂನು ಒಂದೇ ರಾಶಿಯಲ್ಲಿ ಬಂದು ಬಿದ್ದಿದೆ. ಕರ್ನಾಟಕಕ್ಕೆ ಇದರಲ್ಲಿ ಒಂದು ಹೆಚ್ಚಿನ ಪದರವಿದೆ. ನಮ್ಮ ರಾಜ್ಯದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದು 6ಎ ಕಲಂ ಸೇರಿದಾಗ, ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಹಕ್ಕು ಬಂತು, ಆದರೆ ಆ ದಿನಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. ಆ ಕಾಲದ ನಮ್ಮ ಹೈಕೋರ್ಟಿನ ತೀರ್ಪುಗಳಲ್ಲಿ ಮದುವೆಯ ತಾರೀಖೇ ದೊಡ್ಡ ಪ್ರಶ್ನೆ. ನಿಮ್ಮ ಕಕ್ಷಿದಾರರ ಮದುವೆ 1990ಕ್ಕೆ ಮೊದಲಿನದಾದ್ದರಿಂದ ಅವು ನಿಮಗೆ ವಿರುದ್ಧವಾಗಿಯೇ ಕಾಣುತ್ತವೆ. 2005ರ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯಾದವರು, ಆಗದವರು ಎಂಬ ಭೇದವಿಲ್ಲ. ಆಮೇಲೆ 2015ರ ಅಕ್ಟೋಬರ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಫೂಲವತಿಯಲ್ಲಿ, ಬದುಕಿರುವ ತಂದೆಯ ಬದುಕಿರುವ ಮಗಳಿಗೆ ಮಾತ್ರ ಈ ಹಕ್ಕು ಎಂದಿತು. 2018ರ ಫೆಬ್ರವರಿ 1ರಂದು ಇಬ್ಬರೇ ನ್ಯಾಯಮೂರ್ತಿಗಳ ಇನ್ನೊಂದು ಪೀಠ, ದಾನಮ್ಮ ಅಲಿಯಾಸ್ ಸುಮನ್ ಸುರಪುರ ವಿರುದ್ಧ ಅಮರ್, (2018) 3 SCC 343ರಲ್ಲಿ, 2001ರಲ್ಲೇ ತಂದೆ ತೀರಿಕೊಂಡಿದ್ದ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಈ ಎರಡೂ ಪ್ರಕರಣ ನಮ್ಮ ಕರ್ನಾಟಕದಿಂದಲೇ ಹೋದವು. ಸಮಬಲದ ಎರಡು ಪೀಠಗಳ ಮಾತು ಹೀಗೆ ಹೊಂದದೆ ಹೋದದ್ದರಿಂದಲೇ ಪ್ರಶ್ನೆ ಮೂವರ ಪೀಠಕ್ಕೆ ಹೋಯಿತು. ಹಾಗಾಗಿ 2015ರ ಅಕ್ಟೋಬರ್‌ನಿಂದ 2020ರ ಆಗಸ್ಟ್‌ವರೆಗೆ ಹೈಕೋರ್ಟುಗಳು ಕೊಟ್ಟ ತೀರ್ಪುಗಳಲ್ಲಿ ಫೂಲವತಿಯನ್ನು ನಂಬಿ ಪಾಲಿಲ್ಲ ಎಂದವು ಬಹಳಷ್ಟು ಇವೆ. ಅವು ತಮ್ಮ ಕಾಲಕ್ಕೆ ಸರಿ. ನಿಮ್ಮ ದಾವೆ ಇನ್ನೂ ನಡೆಯುತ್ತಿದೆ, ವಿನೀತಾ ಶರ್ಮಾ ಹೇಳಿದ್ದು ಅದಕ್ಕೆ ಅನ್ವಯಿಸುತ್ತದೆ.

ಪಾಲಿದೆ ಎನ್ನುವ ತೀರ್ಪುಗಳು ಕೂಡ ಒಂದೇ ಪಾಲಿನ ಮಾತಾಡುವುದಿಲ್ಲ ಎಂಬುದು ಅನೇಕರ ಗಮನಕ್ಕೆ ಬರುವುದಿಲ್ಲ. ನಿಮ್ಮದೇ ಕುಟುಂಬವನ್ನು ತೆಗೆದುಕೊಳ್ಳಿ. ಹಳೆಯ ಕಾನೂನಿನಲ್ಲಿ ತಂದೆ ಮತ್ತು ಇಬ್ಬರು ಗಂಡುಮಕ್ಕಳಿಗೆ ಮೂರರಲ್ಲಿ ಒಂದೊಂದು. ತಂದೆಯ ಆ ಮೂರರಲ್ಲೊಂದು ನಾಲ್ಕು ಮಕ್ಕಳಿಗೆ ಹಂಚಿದಾಗ ಮಗಳಿಗೆ ಹನ್ನೆರಡರಲ್ಲಿ ಒಂದು. ಹೊಸ ಕಾನೂನಿನಲ್ಲಿ ತಂದೆ, ಇಬ್ಬರು ಗಂಡು, ಇಬ್ಬರು ಹೆಣ್ಣು, ಐವರಿಗೂ ಸಮ. ತಂದೆಯ ಪಾಲೂ ನಾಲ್ವರಿಗೆ ಸಮನಾಗಿ ಹೋದರೆ ಮಗಳಿಗೆ ನಾಲ್ಕರಲ್ಲಿ ಒಂದು. ಪಾಲುಂಟು ಎಂದು ಹೇಳಿದ ಹಳೆಯ ತೀರ್ಪನ್ನು ಆತುರದಲ್ಲಿ ಹಾಜರುಪಡಿಸಿದರೆ, ನಿಮ್ಮ ಕಕ್ಷಿದಾರರಿಗೆ ನಾಲ್ಕರಲ್ಲಿ ಒಂದು ಸಿಗಬೇಕಾದ ಕಡೆ ನೀವೇ ಹನ್ನೆರಡರಲ್ಲಿ ಒಂದನ್ನು ಕೇಳಿದಂತಾಗುತ್ತದೆ.

ಹುಡುಕುವ ಪದಗಳ ದೋಷವೂ ಇದೆ. ancestral property ಎಂಬುದು ನಮ್ಮ ಮಾತಿನ ಪಿತ್ರಾರ್ಜಿತ ಆಸ್ತಿಯ ಅನುವಾದ. ಅಧಿನಿಯಮದ 6ನೇ ಕಲಂ ಬಳಸುವ ಪದ coparcenary property, ಹಕ್ಕುದಾರ coparcener. ತೀರ್ಪು ಬರೆಯುವವರು ಕಲಂನ ಭಾಷೆಯಲ್ಲೇ ಬರೆಯುತ್ತಾರೆ, ಆದ್ದರಿಂದ ನೀವೂ ಆ ಭಾಷೆಯಲ್ಲೇ ಹುಡುಕಬೇಕು. ಉಚಿತವಾಗಿ ಸಿಗುವ indiankanoon.org ತಾಣದಲ್ಲಿ ನಾನು ಮೊದಲು ಹಾಕುವುದು ಇದನ್ನು:

```
phulavati ANDD overruled doctypes: supremecourt fromdate: 17-10-2015
```

ANDD ಎಂದರೆ ಎರಡೂ ಪದ ಇರಲೇಬೇಕು, doctypes ನ್ಯಾಯಾಲಯವನ್ನು ಗೊತ್ತುಮಾಡುತ್ತದೆ, fromdate ಫೂಲವತಿ ತೀರ್ಪಿನ ಮರುದಿನದಿಂದ ಮುಂದಿನದನ್ನು ಮಾತ್ರ ತರುತ್ತದೆ. ANDDಯನ್ನು ದೊಡ್ಡಕ್ಷರದಲ್ಲಿ, ಎರಡೂ ಬದಿಗೆ ಜಾಗ ಬಿಟ್ಟು ಬರೆಯಬೇಕು. ಎದುರು ಪಕ್ಷ ಯಾವ ತೀರ್ಪು ತಂದರೂ ಅದರಲ್ಲಿರುವ ಒಂದು ಅಪರೂಪದ ಹೆಸರನ್ನು ಆರಿಸಿಕೊಂಡು ಈ ಹುಡುಕಾಟ ಮಾಡಿ. ಪ್ರಕಾಶ್ ಎಂದು ಹುಡುಕಿದರೆ ಸಾವಿರ ಪ್ರಕಾಶರು ಬರುತ್ತಾರೆ, ಫೂಲವತಿ ಎಂದರೆ ನೇರವಾಗಿ ವಿಷಯಕ್ಕೆ ತಲುಪುತ್ತೀರಿ. ತೀರ್ಪಿನ ಪುಟದಲ್ಲಿರುವ Cited by ಪಟ್ಟಿಯೂ ನೆರವಿಗಿದೆ. ಆದರೆ ಮುಂದಿನ ತೀರ್ಪು ಇದನ್ನು ಒಪ್ಪಿತೋ, ಬೇರೆಯೆಂದು ಬದಿಗಿಟ್ಟಿತೋ, ರದ್ದುಮಾಡಿತೋ ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ, ಹೆಸರು ಬಂದಿದೆ ಎಂದಷ್ಟೇ ಹೇಳುತ್ತದೆ. ಹಣ ಕೊಟ್ಟು ಪಡೆಯುವ ಡೇಟಾಬೇಸ್‌ಗಳಲ್ಲಿ ಸಂಪಾದಕರು ಈ ವಿಂಗಡಣೆ ಮಾಡಿರುತ್ತಾರೆ. ನಿಮ್ಮ ವಕೀಲರ ಸಂಘದಲ್ಲಿ ಅಂಥದೊಂದಕ್ಕೆ ಚಂದಾ ಇದ್ದರೆ ಕೊನೆಯ ಪರಿಶೀಲನೆಯನ್ನು ಅಲ್ಲಿ ಮಾಡಿ. ಸರ್ವೋಚ್ಚ ನ್ಯಾಯಾಲಯದ ಅಧಿಕೃತ ವರದಿಯಂತೂ 2023ರ ಜನವರಿಯಿಂದ ಇ-ಎಸ್‌ಸಿಆರ್ ಆಗಿ ಎಲ್ಲರಿಗೂ ಉಚಿತ.

ವಿನೀತಾ ಶರ್ಮಾ ಸಿಕ್ಕಿತು. ಈಗ ಹೆಡ್‌ನೋಟ್ ಬಿಟ್ಟು ತೀರ್ಪಿನ ಕೊನೆಗೆ ಹೋಗಿ. ನ್ಯಾಯಾಲಯದ ಮೂಲ ಪ್ರತಿಯಲ್ಲಿ 129ನೇ ಪ್ಯಾರಾ, ಎಸ್‌ಸಿಸಿ ಅಚ್ಚಿನಲ್ಲಿ 137ನೇ ಪ್ಯಾರಾ. ಸಂಪಾದಕರು ಪ್ಯಾರಾಗಳಿಗೆ ತಮ್ಮದೇ ಸಂಖ್ಯೆ ಕೊಡುವುದರಿಂದ ಹೀಗಾಗುತ್ತದೆ, ಆದ್ದರಿಂದ ಯಾವ ಪ್ರತಿಯ ಪ್ಯಾರಾ ಎಂದು ಮೆಮೋದಲ್ಲಿ ಬರೆಯದೆ ಹೋದರೆ ನ್ಯಾಯಾಧೀಶರು ಒಂದು ಕಡೆ, ನೀವು ಇನ್ನೊಂದು ಕಡೆ ಹುಡುಕುತ್ತ ನಿಲ್ಲಬೇಕಾಗುತ್ತದೆ. ಆ ಪ್ಯಾರಾದ ಐದನೇ ಉಪಪ್ಯಾರಾವೇ ನಿಮ್ಮ ದಾವೆಯ ಜೀವಾಳ. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ವಿಭಾಗವನ್ನು 6(5)ನೇ ಕಲಂ ಉಳಿಸಿದೆ, ಆದರೆ ಆ ವಿಭಾಗ ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆಗಿರಬೇಕು. ಬಾಯಿಮಾತಿನ ವಿಭಾಗ ಎಂಬ ತಕರಾರನ್ನು ಒಪ್ಪುವಂತಿಲ್ಲ ಎಂಬುದು ಮೊದಲರ್ಧ. ಸಾರ್ವಜನಿಕ ದಾಖಲೆಗಳ ಆಧಾರವಿದ್ದು, ನ್ಯಾಯಾಲಯದ ಡಿಕ್ರಿಯಿಂದಲೇ ಆದಂತೆ ವಿಭಾಗ ಅಂತಿಮವಾಗಿ ಸಾಬೀತಾದ ಅಪವಾದದ ಪ್ರಕರಣಗಳಲ್ಲಿ ಒಪ್ಪಬಹುದು, ಬಾಯಿಸಾಕ್ಷ್ಯ ಒಂದರ ಮೇಲೆಯೇ ನಿಂತ ತಕರಾರನ್ನು ತಳ್ಳಿಹಾಕಬೇಕು ಎಂಬುದು ಉಳಿದರ್ಧ. ಮೊದಲರ್ಧವನ್ನಷ್ಟೇ ಅಚ್ಚುಮಾಡಿದ ಟಿಪ್ಪಣಿಗಳನ್ನು ನಾನು ಕಂಡಿದ್ದೇನೆ. ಅಂಥದನ್ನು ಹಿಡಿದು ನೀವು ನಿಂತರೆ, ಎದುರು ವಕೀಲರು ಪೂರ್ತಿ ಪ್ಯಾರಾ ಓದಿ, ಪಹಣಿ ತೋರಿಸಿ, ತಮ್ಮದು ಆ ಅಪವಾದ ಎನ್ನುತ್ತಾರೆ. ಹಾಗಾಗಿ ಅಪವಾದವನ್ನು ನೀವೇ ಮೊದಲು ಓದಿ ಹೇಳುವುದು ಒಳ್ಳೆಯದು. ನ್ಯಾಯಾಲಯದ ಮುಂದೆ ಅದು ನಮ್ಮ ಕರ್ತವ್ಯವೂ ಹೌದು.

ಆ ಅಪವಾದದೊಳಗೆ ಯಾವುದು ಬರುತ್ತದೆ ಎಂದು ನಮ್ಮ ಹೈಕೋರ್ಟು 2020ರ ನಂತರ ಹೇಗೆ ನೋಡಿದೆ ಎಂಬುದು ನಿಮ್ಮ ಮುಂದಿನ ಹುಡುಕಾಟ. ಇಲ್ಲಿ ಪದಗಳನ್ನು ಆ ಪ್ಯಾರಾದಿಂದಲೇ ಎತ್ತಿಕೊಳ್ಳಿ:

```
"oral partition" ANDD "public documents" doctypes: karnataka fromdate: 12-8-2020
```

ಆಮೇಲೆ oral partition ಜಾಗದಲ್ಲಿ ನಮ್ಮೂರ ಪದವನ್ನು ಹಾಕಬೇಕು. ಇದು ಯಾವ ಡೇಟಾಬೇಸ್‌ನ ಕೈಪಿಡಿಯಲ್ಲೂ ಇಲ್ಲದ, ನಾನು ಇಪ್ಪತ್ತೆರಡು ವರ್ಷದಲ್ಲಿ ಕಲಿತ ವಿಷಯ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ದಾವೆಗಳಲ್ಲಿ ಆ ಕಾಗದವನ್ನು ಯಾರೂ ಮೆಮೊರಾಂಡಮ್ ಎಂದು ಕರೆದಿರುವುದಿಲ್ಲ. ಪಾಲುಪಟ್ಟಿ, ಪಂಚಾಯಿತಿ ಪಾರಿಕತ್ತು ಎಂದೇ ಗುರುತಿಸಿ ಹಾಜರುಪಡಿಸಿರುತ್ತಾರೆ, ತೀರ್ಪಿನ ಇಂಗ್ಲಿಷ್‌ನಲ್ಲೂ ಅದೇ ಪದ ಉಳಿಯುತ್ತದೆ, ಆದರೆ ಬೆರಳಚ್ಚುಗಾರರ ಕೈಗೆ ತಕ್ಕಂತೆ ಕಾಗುಣಿತ ಬದಲಾಗುತ್ತದೆ. palupatti, "palu patti", parikath, parikat, parikhat, ಒಂದೊಂದನ್ನೂ ಬೇರೆ ಬೇರೆಯಾಗಿ ಹಾಕಿ ನೋಡಿ. ಒಂದು ಕಾಗುಣಿತದಲ್ಲಿ ಏನೂ ಸಿಗದಿದ್ದರೆ ತೀರ್ಪೇ ಇಲ್ಲ ಎಂದು ನಿರ್ಧರಿಸಬೇಡಿ.

ಎದುರು ಪಕ್ಷ ಇದೇ ಹಂತದಲ್ಲಿ ಕಾಳೆ ವಿರುದ್ಧ ಡೆಪ್ಯುಟಿ ಡೈರೆಕ್ಟರ್ ಆಫ್ ಕನ್ಸಾಲಿಡೇಷನ್, (1976) 3 SCC 119 ತರಬಹುದು. ಬಾಯಿಮಾತಿನ ಕೌಟುಂಬಿಕ ಒಪ್ಪಂದಕ್ಕೂ, ಆಮೇಲೆ ನೆನಪಿಗಾಗಿ ಬರೆದಿಟ್ಟ ಕಾಗದಕ್ಕೂ ನೋಂದಣಿ ಬೇಡ ಎಂಬುದು ಅಲ್ಲಿ ಬಂದ ನಿರ್ಣಯ. ಅದು ಮೂವರ ಪೀಠದ ತೀರ್ಪು, ರದ್ದೂ ಆಗಿಲ್ಲ. ಆದರೆ ಅದು ನೋಂದಣಿ ಅಧಿನಿಯಮದ ಪ್ರಶ್ನೆ. 6(5)ನೇ ಕಲಂನ ವಿವರಣೆಯಲ್ಲಿ ವಿಭಾಗ ಎಂದರೆ ಏನು ಎಂಬುದು ಬೇರೆ ಪ್ರಶ್ನೆ, ಅದು ಆ ಕಾಲಕ್ಕೆ ಹುಟ್ಟಿಯೇ ಇರಲಿಲ್ಲ. family arrangement ಮತ್ತು partition ಎಂಬ ಎರಡು ಪದಗಳನ್ನು ಹುಡುಕುವಾಗಲೂ ವಾದಿಸುವಾಗಲೂ ಬೆರೆಸಬೇಡಿ.

ಸಿಕ್ಕ ತೀರ್ಪನ್ನು ಓದುವಾಗ ಒಂದು ಎಚ್ಚರಿಕೆ ಬೇಕು, ಅದನ್ನು ನಾನು ನೋವಿನಿಂದಲೇ ಕಲಿತೆ. ಕೆಲವು ವರ್ಷಗಳ ಹಿಂದೆ ತಿಪಟೂರು ಕಡೆಯ ಒಂದು ಜಮೀನಿನ ದಾವೆಯಲ್ಲಿ, ಹುಡುಕಾಟದ ಫಲಿತಾಂಶದಲ್ಲಿ ನನ್ನ ವಾದಕ್ಕೆ ಅಳೆದು ಹೊಲಿದಂಥ ವಾಕ್ಯವೊಂದು ಕಂಡಿತು. ಮುದ್ರಿಸಿ, ಗೆರೆ ಎಳೆದು ಕೊಟ್ಟೆ. ನ್ಯಾಯಾಧೀಶರು ಎರಡು ಪುಟ ಹಿಂದಕ್ಕೆ ತಿರುಗಿಸಿ, “ಇದು ಮೇಲ್ಮನವಿದಾರರ ವಕೀಲರ ವಾದ, ನ್ಯಾಯಾಲಯದ ಮಾತಲ್ಲ” ಎಂದರು. ಆ ಪ್ಯಾರಾ ಶುರುವಾಗಿದ್ದು it is contended that ಎಂದೇ. ಹುಡುಕಾಟದ ಯಂತ್ರಕ್ಕೆ ವಾದ ಯಾವುದು, ತೀರ್ಮಾನ ಯಾವುದು ಎಂಬ ಭೇದವಿಲ್ಲ, ಪದ ಸಿಕ್ಕರೆ ತೋರಿಸುತ್ತದೆ. ಅಂದಿನಿಂದ ನಾನು ಸಿಕ್ಕ ವಾಕ್ಯದಿಂದ ಹಿಂದಕ್ಕೆ ಹೋಗುತ್ತೇನೆ, learned counsel submitted, reliance is placed ಎಂಬಂಥ ಮಾತುಗಳ ಆಳ್ವಿಕೆ ಎಲ್ಲಿ ಮುಗಿಯಿತು, ನ್ಯಾಯಾಲಯದ ಸ್ವಂತ ಮಾತು ಎಲ್ಲಿ ಶುರುವಾಯಿತು ಎಂದು ಗುರುತು ಹಾಕುತ್ತೇನೆ, ಆಮೇಲೆ ಕೊನೆಯ ಆದೇಶದಲ್ಲಿ ಯಾರು ಗೆದ್ದರು ಎಂದು ನೋಡುತ್ತೇನೆ.

ಹೀಗೆ ಓದಿದ ಎಂಟು ಹತ್ತು ತೀರ್ಪುಗಳು ಸಾಕು. ಒಂದು ಹಾಳೆಯಲ್ಲಿ ಪ್ರತಿಯೊಂದರ ಎದುರು ತೀರ್ಪಿನ ದಿನಾಂಕ, ಕಾಗದ ನೋಂದಣಿಯಾಗಿತ್ತೇ, ಯಾವ ಸಾರ್ವಜನಿಕ ದಾಖಲೆ ಹಾಜರಾಗಿತ್ತು, ಅದು ಯಾವ ವರ್ಷದ್ದು, ನ್ಯಾಯಾಲಯ ಒಪ್ಪಿತೇ ಎಂದು ಬರೆದುಕೊಳ್ಳಿ. ನಿಮಗೆ ವಿರುದ್ಧವಾದವುಗಳನ್ನೂ ಬಿಡಬೇಡಿ. ಯಾವ ಸಂಗತಿಯಿಂದ ಅವು ವಿರುದ್ಧವಾದವು ಎಂಬುದೇ ನಿಮ್ಮ ದಾವೆಯಲ್ಲಿ ಏನನ್ನು ಅಲ್ಲಗಳೆಯಬೇಕು ಎಂಬುದನ್ನು ತೋರಿಸುತ್ತದೆ. ವಾದದ ಹಿಂದಿನ ದಿನ ವಿನೀತಾ ಶರ್ಮಾ ಹೆಸರಿನಲ್ಲೇ ಮತ್ತೊಮ್ಮೆ, ಇತ್ತೀಚಿನದು ಮೊದಲು ಬರುವಂತೆ ಜೋಡಿಸಿ, ಹುಡುಕಿ. ಫೂಲವತಿಗೆ ಆದದ್ದು ಯಾವ ತೀರ್ಪಿಗೂ ಆಗಬಹುದು.

ನನ್ನ ಊಹೆ ಸರಿಯಾದರೆ ಆ ಹಾಳೆ ನಿಮ್ಮನ್ನು ಕಂಪ್ಯೂಟರ್‌ನಿಂದ ಎಬ್ಬಿಸಿ ತಾಲ್ಲೂಕು ಕಚೇರಿಗೆ ಕಳಿಸುತ್ತದೆ. ಎದುರು ಪಕ್ಷ ನಂಬಿರುವುದು ಪಹಣಿಯನ್ನು, ಆದರೆ ಪಹಣಿಯ ಹಿಂದೆ ಒಂದು ಎಂ.ಆರ್., ಅಂದರೆ ಖಾತೆ ಬದಲಾವಣೆಯ ನಮೂದು, ಇರುತ್ತದೆ. ಅದರ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ಖಾತೆ ಬದಲಾದ ಕಾರಣದ ಕಲಂನಲ್ಲಿ ಏನು ಬರೆದಿದೆ ಎಂದು ನೋಡಿ. 1998ರ ತಾರೀಖಿನಲ್ಲಿ ವಿಭಾಗ ಎಂದಿದ್ದರೆ, ಅದೊಂದೇ ಡಿಕ್ರಿಗೆ ಸಮನಾದೀತೇ ಎಂದು ನೀವು ಗಟ್ಟಿಯಾಗಿ ವಾದಿಸಬೇಕಾಗುತ್ತದೆ. 1999ರ ನಂತರದ ತಾರೀಖಿನಲ್ಲಿ ಪೌತಿ ಎಂದಿದ್ದರೆ, ತಂದೆ ತೀರಿಕೊಳ್ಳುವವರೆಗೂ ಆ ಜಮೀನು ಅವರ ಹೆಸರಿನಲ್ಲೇ ಇತ್ತು ಎಂದು ಎದುರು ಪಕ್ಷದ ದಾಖಲೆಯೇ ಹೇಳುತ್ತದೆ. ಆ ನಕಲನ್ನು ವಿನೀತಾ ಶರ್ಮಾದ ಐದನೇ ಉಪಪ್ಯಾರಾದ ಪಕ್ಕದಲ್ಲಿಟ್ಟು ನಿಮ್ಮ ಸೀನಿಯರ್ ಅವರ ಕೈಗೆ ಕೊಡಿ.